ನಾಲ್ಕು ರೂಪಾಯಿಯ ಷೇರು ಹದಿನೈದಕ್ಕೆ ಏರುವುದು ಹೇಗೆ, ಆಮೇಲೆ ಮಾರಲಾಗದಿರುವುದು ಏಕೆ?

ಪ್ರಶ್ನೆ: ಟೆಲಿಗ್ರಾಂ ಗುಂಪೊಂದರಲ್ಲಿ ಬಂದ ಸಲಹೆ ನಂಬಿ ಒಂದು ಸಣ್ಣ ಕಂಪನಿಯ 4,000 ಷೇರುಗಳನ್ನು ತಲಾ 15 ರೂಪಾಯಿಯಂತೆ ಕೊಂಡೆ. ಎರಡು ತಿಂಗಳ ಹಿಂದೆ ಅದರ ಬೆಲೆ 4 ರೂಪಾಯಿ ಇತ್ತು. ಕೊಂಡ ಮೂರನೆಯ ದಿನದಿಂದ ಬೆಲೆ ದಿನವೂ ಅಂದಿನ ಕೆಳಮಿತಿಗೆ, ಅಂದರೆ ಲೋಯರ್ ಸರ್ಕ್ಯೂಟಿಗೆ ಇಳಿಯುತ್ತಿದೆ. ಮಾರಲು ಹಾಕಿದರೆ ಕೊಳ್ಳುವವರೇ ಇಲ್ಲ, ಸ್ಟಾಪ್‌ಲಾಸ್ ಕೂಡ ಕೆಲಸ ಮಾಡಲಿಲ್ಲ. ಇಂಥ ಸಣ್ಣ ಷೇರುಗಳಲ್ಲೇ ಹೀಗೇಕೆ ಆಗುತ್ತದೆ? ಮೊದಲೇ ಗುರುತಿಸಲು ದಾರಿ ಇದೆಯೇ?

ಉತ್ತರ: ಪರದೆಯ ಮೇಲೆ ಕಾಣುವ ಬೆಲೆ ಕೊನೆಯ ವಹಿವಾಟು ನಡೆದ ಬೆಲೆ ಮಾತ್ರ. ದಿನಕ್ಕೆ ನೂರಾರು ಕೋಟಿ ರೂಪಾಯಿ ವಹಿವಾಟು ನಡೆಯುವ ದೊಡ್ಡ ಕಂಪನಿಯಲ್ಲಿ ಆ ಬೆಲೆಯ ಹಿಂದೆ ಒಬ್ಬರಿಗೊಬ್ಬರು ಪರಿಚಯವಿಲ್ಲದ ಸಾವಿರಾರು ಜನ ಇರುತ್ತಾರೆ. ಬೆಲೆ ಒಂದಿಷ್ಟು ಅತಿಯಾದರೂ ಮಾರುವವರು ಮುಂದೆ ಬರುತ್ತಾರೆ. ದಿನಕ್ಕೆ ಒಂದು ಲಕ್ಷ ರೂಪಾಯಿ ವಹಿವಾಟೂ ನಡೆಯದ ಕಂಪನಿಯಲ್ಲಿ ಅದೇ ಬೆಲೆಯನ್ನು ಫೋನಿನಲ್ಲಿ ಮಾತಾಡಿಕೊಂಡ ಇಬ್ಬರು ನಿರ್ಧರಿಸಬಹುದು. ಕಂಪನಿ ಸಣ್ಣದು ಎಂಬುದಷ್ಟೇ ದೋಷವಲ್ಲ. ನಿಜವಾಗಿ ಮಾರಾಟಕ್ಕೆ ಸಿಗುವ ಷೇರುಗಳು ಎಷ್ಟು, ಅವು ಯಾರ ಕೈಯಲ್ಲಿವೆ ಎಂಬುದರಲ್ಲಿ ಇಡೀ ಆಟ ಅಡಗಿದೆ.

ಲೆಕ್ಕ ಹಾಕಿ ನೋಡಲು ಒಂದು ಕಾಲ್ಪನಿಕ ಕಂಪನಿಯನ್ನು ತೆಗೆದುಕೊಳ್ಳೋಣ. ಅದರ ಒಟ್ಟು ಷೇರುಗಳು 10 ಕೋಟಿ, ಬೆಲೆ 4 ರೂಪಾಯಿ. ಅಂದರೆ ಮಾರುಕಟ್ಟೆ ಮೌಲ್ಯ 40 ಕೋಟಿ ರೂಪಾಯಿ. ಇದರಲ್ಲಿ ಶೇ 52ರಷ್ಟು ಷೇರುಗಳು ಪ್ರವರ್ತಕರ ಹೆಸರಿನಲ್ಲಿವೆ. ಇನ್ನು ಶೇ 38ರಷ್ಟು ದಾಖಲೆಯಲ್ಲಿ 'ಸಾರ್ವಜನಿಕರು' ಎಂಬ ತಲೆಬರಹದಡಿ ಇದ್ದರೂ, ವಾಸ್ತವದಲ್ಲಿ ಪ್ರವರ್ತಕರಿಗೂ ಬೆಲೆಯನ್ನು ತೆರೆಮರೆಯಲ್ಲಿ ಆಡಿಸುವ ಆಪರೇಟರಿಗೂ ಬೇಕಾದ ಇಪ್ಪತ್ತು ಮೂವತ್ತು ಹೆಸರುಗಳಲ್ಲಿ ಹಂಚಿಕೆಯಾಗಿವೆ. ಉಳಿದ ಶೇ 10, ಎಂದರೆ 1 ಕೋಟಿ ಷೇರುಗಳು ಮಾತ್ರ ನಿಜವಾದ ಹೊರಗಿನವರದು. ಅವುಗಳಲ್ಲೂ ಒಂದು ಪಾಲು ಯಾವುದೋ ಕಾಲದಲ್ಲಿ ಕೊಂಡು ಮರೆತವರ ಡಿಮ್ಯಾಟ್ ಖಾತೆಗಳಲ್ಲಿ ಅಲುಗಾಡದೆ ಬಿದ್ದಿರುತ್ತದೆ. ಹೀಗಾಗಿ ದಿನಕ್ಕೆ ಕೈಬದಲಾಗುವುದು ಹೆಚ್ಚೆಂದರೆ 20,000 ಷೇರು, ಬೆಲೆ ಲೆಕ್ಕದಲ್ಲಿ 80,000 ರೂಪಾಯಿ. ಬೆಳಿಗ್ಗೆ ಒಂದು ಲಕ್ಷ ರೂಪಾಯಿ ಹಿಡಿದು ಬಂದವನು ಅಂದು ಮಾರಲು ಬಂದ ಎಲ್ಲ ಷೇರುಗಳನ್ನೂ ಗುಡಿಸಿ ಬೆಲೆಯನ್ನು ದಿನದ ಮೇಲ್ಮಿತಿಗೆ, ಅಂದರೆ ಅಪ್ಪರ್ ಸರ್ಕ್ಯೂಟಿಗೆ ಮುಟ್ಟಿಸಬಲ್ಲ. ಆ ಒಂದು ಲಕ್ಷದ ಏರಿಕೆ 40 ಕೋಟಿಯ ಕಂಪನಿಯನ್ನು ಕಾಗದದ ಮೇಲೆ 42 ಕೋಟಿಯದಾಗಿ ಮಾಡುತ್ತದೆ.

ಇಂಥ ಷೇರುಗಳ ಮೇಲೆ ಸಾಮಾನ್ಯವಾಗಿ ದಿನಕ್ಕೆ ಶೇ 5ರ ಮಿತಿ ಇರುತ್ತದೆ. ದಿನವೂ ಶೇ 5ರಂತೆ ಏರಿದರೆ 28 ವಹಿವಾಟಿನ ದಿನಗಳಲ್ಲಿ 4 ರೂಪಾಯಿ ಸುಮಾರು 15 ರೂಪಾಯಿ 68 ಪೈಸೆ ಆಗುತ್ತದೆ. ನೀವು ಬರೆದ ಎರಡು ತಿಂಗಳಲ್ಲಿ ಅದಕ್ಕಿಂತ ಹೆಚ್ಚೇ ವಹಿವಾಟಿನ ದಿನಗಳಿದ್ದವು.

ಏರಿಕೆಯಷ್ಟೇ ಇದ್ದರೆ ಯಾರೂ ನಂಬುವುದಿಲ್ಲ, ವಹಿವಾಟಿನ ಪ್ರಮಾಣವೂ ಕಾಣಬೇಕು. ಅದಕ್ಕಾಗಿ ಅ ಎಂಬ ಖಾತೆಯಿಂದ ಆ ಎಂಬ ಖಾತೆಗೆ, ಅಲ್ಲಿಂದ ಇ ಎಂಬ ಖಾತೆಗೆ, ಅಲ್ಲಿಂದ ತಿರುಗಿ ಅ ಖಾತೆಗೆ ಅದೇ ಷೇರುಗಳನ್ನು ಸುತ್ತಿಸುತ್ತಾರೆ. ಇದನ್ನು ಸರ್ಕ್ಯುಲರ್ ಟ್ರೇಡಿಂಗ್ ಎನ್ನುತ್ತಾರೆ. ಇದರ ಖರ್ಚು ಎಷ್ಟು ಕಡಿಮೆ ಎಂಬುದನ್ನು ಗಮನಿಸಿ: 8 ರೂಪಾಯಿಯಂತೆ 1 ಲಕ್ಷ ಷೇರುಗಳನ್ನು ಒಬ್ಬರಿಂದ ಒಬ್ಬರಿಗೆ ದಾಟಿಸಿದರೆ 8 ಲಕ್ಷ ರೂಪಾಯಿಯ ವಹಿವಾಟು ದಾಖಲಾಗುತ್ತದೆ, ಡೆಲಿವರಿ ವಹಿವಾಟಿನ ಷೇರು ವಹಿವಾಟು ತೆರಿಗೆ ಎರಡೂ ಕಡೆ ತಲಾ ಶೇ 0.1ರಂತೆ ಒಟ್ಟು 1,600 ರೂಪಾಯಿ, ಕೊಳ್ಳುವವರ ಮುದ್ರಾಂಕ ಶುಲ್ಕ 120 ರೂಪಾಯಿ. ಬ್ರೋಕರೇಜ್ ಮತ್ತು ವಿನಿಮಯ ಕೇಂದ್ರದ ಶುಲ್ಕ ಬೇರೆ. ಷೇರೂ ಅವರದೇ, ಹಣವೂ ಅವರದೇ. ಕೈಯಿಂದ ಹೋಗುವುದು ಈ ಕೆಲವು ಸಾವಿರ ಮಾತ್ರ. ಇದೇ ಕೆಲಸವನ್ನು ದೊಡ್ಡ ಬ್ಯಾಂಕಿನ ಷೇರಿನಲ್ಲಿ ಮಾಡಹೊರಟವನು ಬೆಲೆಯನ್ನು ಒಂದು ರೂಪಾಯಿ ಎತ್ತುವಷ್ಟರಲ್ಲಿ ಅಪರಿಚಿತರಿಂದ ಕೋಟಿಗಟ್ಟಲೆ ರೂಪಾಯಿಯ ಷೇರು ಕೊಳ್ಳಬೇಕಾಗುತ್ತದೆ.

ಇನ್ನೊಂದು ಕಾರಣವನ್ನು ಹೂಡಿಕೆದಾರರು ಸಾಮಾನ್ಯವಾಗಿ ಗಮನಿಸುವುದಿಲ್ಲ. ದೊಡ್ಡ ಕಂಪನಿಯ ಬೆಲೆ ಕಾರಣವಿಲ್ಲದೆ ಏರಿದರೆ, ಅದು ಇಳಿಯುತ್ತದೆಂದು ನಂಬಿದವರು ಫ್ಯೂಚರ್ಸ್, ಅಂದರೆ ಮುಂದಿನ ದಿನಾಂಕದ ವಹಿವಾಟಿಗೆ ಇಂದೇ ಬೆಲೆ ಕಟ್ಟುವ ಒಪ್ಪಂದಗಳನ್ನು ಮಾರಿ ಆ ನಂಬಿಕೆಯ ಮೇಲೆ ಹಣ ಹೂಡಬಹುದು. ಕೆಲವೇ ರೂಪಾಯಿ ಬೆಲೆಯ ಪೆನ್ನಿ ಷೇರಿಗೆ ಫ್ಯೂಚರ್ಸ್ ಇಲ್ಲ. ಅನೇಕ ಷೇರುಗಳು 'ಟ್ರೇಡ್ ಟು ಟ್ರೇಡ್' ವಿಭಾಗದಲ್ಲಿರುವುದರಿಂದ ಬೆಳಿಗ್ಗೆ ಮಾರಿ ಸಂಜೆ ಕೊಳ್ಳುವಂತೆಯೂ ಇಲ್ಲ. ಪ್ರತಿ ಮಾರಾಟಕ್ಕೂ ಕೈಯಲ್ಲಿ ಷೇರು ಇರಲೇಬೇಕು. ಹಾಗಾಗಿ ಬೆಲೆ ಸುಳ್ಳೆಂದು ಗೊತ್ತಿದ್ದವನೂ ಸುಮ್ಮನೆ ನೋಡಬೇಕೇ ಹೊರತು ಅದನ್ನು ಕೆಳಗೆಳೆಯಲಾರ. ಕಂಪನಿಯ ಬಗ್ಗೆ ವರದಿ ಬರೆಯುವ ವಿಶ್ಲೇಷಕರಿಲ್ಲ, ಮ್ಯೂಚುವಲ್ ಫಂಡ್‌ಗಳ ಪಾಲಿಲ್ಲ, ಪತ್ರಿಕೆಗಳಲ್ಲಿ ಸುದ್ದಿಯಿಲ್ಲ. ಆ ಖಾಲಿ ಜಾಗಕ್ಕೆ ಯಾರು ಏನನ್ನು ತುಂಬಿದರೂ ಅದೇ ಮಾಹಿತಿಯಾಗುತ್ತದೆ.

ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿಯ ಆದೇಶಗಳಲ್ಲಿ ಇದಕ್ಕೆ ಸ್ಪಷ್ಟವಾದ ನಿದರ್ಶನ ಸಾಧನಾ ಬ್ರಾಡ್‌ಕಾಸ್ಟ್ ಎಂಬ ಕಂಪನಿಯದು. ಈ ಪ್ರಕರಣದ ಮಧ್ಯಂತರ ಆದೇಶ 2ನೇ ಮಾರ್ಚ್ 2023ರಂದು, ಅಂತಿಮ ಆದೇಶ 29ನೇ ಮೇ 2025ರಂದು ಹೊರಬಂದವು. ಸೆಬಿ ಕಂಡುಕೊಂಡ ಪ್ರಕಾರ ಕೆಲಸ ಎರಡು ಹಂತಗಳಲ್ಲಿ ನಡೆದಿತ್ತು. ಮೊದಲ ಹಂತದಲ್ಲಿ ಪ್ರವರ್ತಕರಿಗೆ ಸಂಬಂಧಪಟ್ಟವರು ತಮ್ಮೊಳಗೇ ವಹಿವಾಟು ನಡೆಸಿ ಬೆಲೆಯನ್ನು ಮೆಲ್ಲಮೆಲ್ಲನೆ ಏರಿಸಿದರು. ಷೇರಿನ ವಹಿವಾಟು ತೀರಾ ಕಡಿಮೆಯಿದ್ದುದರಿಂದ ಸಣ್ಣ ಸಣ್ಣ ಆರ್ಡರುಗಳೇ ಬೆಲೆಯನ್ನು ಗಣನೀಯವಾಗಿ ಅಲುಗಿಸಲು ಸಾಕಾದವು. ಎರಡನೆಯ ಹಂತದಲ್ಲಿ, ಜುಲೈ 2022ರ ದ್ವಿತೀಯಾರ್ಧದಲ್ಲಿ, 'ದಿ ಅಡ್ವೈಸರ್' ಮತ್ತು 'ಮನಿವೈಸ್' ಮೊದಲಾದ ಯೂಟ್ಯೂಬ್ ಚಾನೆಲ್‌ಗಳಲ್ಲಿ ವಿಡಿಯೊಗಳು ಬಂದವು. ಅದಾನಿ ಸಮೂಹ ಈ ಕಂಪನಿಯನ್ನು ಕೊಳ್ಳಲಿದೆ, ಅಮೆರಿಕದ ದೊಡ್ಡ ಸಂಸ್ಥೆಯೊಂದು ಭಕ್ತಿಪ್ರಧಾನ ಚಿತ್ರಗಳನ್ನು ತಯಾರಿಸಲು 1,100 ಕೋಟಿ ರೂಪಾಯಿಯ ಒಪ್ಪಂದಕ್ಕೆ ಸಹಿ ಹಾಕಿದೆ ಎಂದೆಲ್ಲ ಅವುಗಳಲ್ಲಿ ಹೇಳಲಾಗಿತ್ತು. ಯಾವುದೂ ನಿಜವಲ್ಲ. ವಿಡಿಯೊಗಳು ಹೆಚ್ಚು ಜನರನ್ನು ತಲುಪಲೆಂದು ಕೋಟಿಗಟ್ಟಲೆ ರೂಪಾಯಿ ಜಾಹೀರಾತಿಗೆ ಸುರಿಯಲಾಗಿತ್ತು. ವಹಿವಾಟು ಸುತ್ತಿಸಲು ಸಾವಿರಗಳ ಖರ್ಚು, ಕತೆ ಹರಡಲು ಕೋಟಿಗಳ ಖರ್ಚು: ಈ ವ್ಯಾಪಾರದಲ್ಲಿ ಬೆಲೆ ಏರಿಸುವುದು ಸುಲಭದ ಭಾಗ, ಕೊಳ್ಳುವವರನ್ನು ಕರೆತರುವುದೇ ದುಬಾರಿ.

ವಿಡಿಯೊ ನೋಡಿ ಬಂದವರು ಎಷ್ಟು ಜನ ಎಂಬುದಕ್ಕೆ ಕಂಪನಿಯ ಷೇರುದಾರರ ಪಟ್ಟಿಯೇ ಸಾಕ್ಷಿ. ಮಧ್ಯಂತರ ಆದೇಶದ ಪ್ರಕಾರ ಸಣ್ಣ ಷೇರುದಾರರ ಸಂಖ್ಯೆ 2,167ರಿಂದ 55,343ಕ್ಕೆ ಏರಿತ್ತು. ಅದೇ ಅವಧಿಯಲ್ಲಿ ಕೆಲವು ಪ್ರವರ್ತಕ ಷೇರುದಾರರೂ ಅವರಿಗೆ ಬೇಕಾದವರೂ ತಮ್ಮ ಪಾಲನ್ನು ಏರಿದ ಬೆಲೆಗೆ ಮಾರಿ ಹೊರನಡೆದಿದ್ದರು. ಅಂತಿಮ ಆದೇಶ 59 ಮಂದಿ ಹಾಗೂ ಸಂಸ್ಥೆಗಳಿಂದ 58.01 ಕೋಟಿ ರೂಪಾಯಿ ಅಕ್ರಮ ಲಾಭವನ್ನು ಬಡ್ಡಿಸಮೇತ ವಸೂಲು ಮಾಡಲು ಹೇಳಿತು. ವಿಡಿಯೊ ಬಂದದ್ದಕ್ಕೂ ಅಂತಿಮ ಆದೇಶಕ್ಕೂ ನಡುವೆ ಹೆಚ್ಚುಕಡಿಮೆ ಮೂರು ವರ್ಷ ಕಳೆದಿತ್ತು.

ಮತ್ತೆ ನಮ್ಮ ಕಾಲ್ಪನಿಕ ಕಂಪನಿಗೆ ಬರೋಣ. ಏರಿಸಿದ ಷೇರನ್ನು ನಿಮ್ಮಂಥವರ ಕೈಗೆ ದಾಟಿಸುವ ಘಟ್ಟ ತಿಳಿಯಬೇಕಾದದ್ದು. ಏರಿಕೆಯ ದಿನಗಳಲ್ಲಿ ಪರದೆ ತೆರೆದರೆ ಕೊಳ್ಳುವವರ ಕಡೆ 40 ಲಕ್ಷ ಷೇರುಗಳ ಆರ್ಡರ್, ಮಾರುವವರ ಕಡೆ ಸೊನ್ನೆ. ಇದನ್ನು ಕಂಡ ಹೊಸಬರಿಗೆ ಇಷ್ಟು ಬೇಡಿಕೆಯಿದ್ದೂ ತಮಗೆ ಸಿಗುತ್ತಿಲ್ಲವಲ್ಲ ಎಂಬ ಚಡಪಡಿಕೆ. ಆದರೆ ಆ 40 ಲಕ್ಷದಲ್ಲಿ ಬಹುಪಾಲು ಆಪರೇಟರೇ ಹಾಕಿದ್ದಿರಬಹುದು. ಮಾರುವವರು ಬರುವುದಿಲ್ಲವೆಂದು ಗೊತ್ತಿರುವಾಗ ಹಾಕಿದ ಆರ್ಡರನ್ನು ಯಾವಾಗ ಬೇಕಾದರೂ ಹಿಂತೆಗೆದುಕೊಳ್ಳಬಹುದು. ಬೆಲೆಗೆ ದಿನದ ಮಿತಿ ಇಟ್ಟಿರುವುದು ಹೂಡಿಕೆದಾರರನ್ನು ಕಾಯಲೆಂದು. ಆದರೆ ತೆಳುವಾದ ಷೇರಿನಲ್ಲಿ ಅದೇ ಮಿತಿ ಆಪರೇಟರಿಗೆ ಅನುಕೂಲ ಮಾಡಿಕೊಡುತ್ತದೆ ಎಂಬುದು ನನ್ನ ಅಭಿಪ್ರಾಯ. ಕಡಿಮೆ ಹಣದಲ್ಲಿ, ದಿನಕ್ಕೆ ಒಂದೇ ಮೆಟ್ಟಿಲಿನಂತೆ, 'ಸತತ ಇಪ್ಪತ್ತು ದಿನ ಅಪ್ಪರ್ ಸರ್ಕ್ಯೂಟ್' ಎಂಬ ಜಾಹೀರಾತನ್ನು ಅವನು ಪುಕ್ಕಟೆಯಾಗಿ ಪಡೆಯುತ್ತಾನೆ.

ಕೊನೆಗೊಂದು ದಿನ ಸರ್ಕ್ಯೂಟ್ 'ತೆರೆಯುತ್ತದೆ'. ಇಷ್ಟು ದಿನ ಸಿಗದಿದ್ದ ಷೇರು ಇದ್ದಕ್ಕಿದ್ದಂತೆ ಧಾರಾಳವಾಗಿ ಸಿಗುತ್ತದೆ, ವಹಿವಾಟು ಹತ್ತಿಪ್ಪತ್ತು ಪಟ್ಟು ಹೆಚ್ಚುತ್ತದೆ, ಆದರೆ ಬೆಲೆ ಹೆಚ್ಚೇನೂ ಏರುವುದಿಲ್ಲ. ಸಿಕ್ಕಿತಲ್ಲ ಎಂದು ಸಂತೋಷಪಡುವವರಿಗೆ ಅಂದು ಷೇರು ಕೊಟ್ಟವರೇ ಒಳಗಿನವರು. ಶೇ 38ರ ಪಾಲಿನ ಅರ್ಧ, ಅಂದರೆ 1.9 ಕೋಟಿ ಷೇರುಗಳನ್ನು ಸರಾಸರಿ 12 ರೂಪಾಯಿಗೆ ಮಾರಿದರೆ 22.8 ಕೋಟಿ ರೂಪಾಯಿ. 30,000 ಜನ ತಲಾ 7,600 ರೂಪಾಯಿ ಹಾಕಿದರೆ ಅಷ್ಟಾಗುತ್ತದೆ. ಪ್ರತಿಯೊಬ್ಬರ ನಷ್ಟವೂ ಪೊಲೀಸ್ ಠಾಣೆಗೆ ಹೋಗುವಷ್ಟು ದೊಡ್ಡದಲ್ಲ ಎಂಬುದು ಈ ವಂಚನೆಯ ಲೆಕ್ಕಾಚಾರದಲ್ಲಿ ಸೇರಿಯೇ ಇರುತ್ತದೆ.

ಮಾರಿ ಮುಗಿದ ಮೇಲೆ ಬೆಲೆಯನ್ನು ಹಿಡಿದು ನಿಲ್ಲಿಸುವ ಅಗತ್ಯ ಆಪರೇಟರಿಗೆ ಇಲ್ಲ. 4 ರೂಪಾಯಿಯ ಕಾಲದಲ್ಲಿ ದಿನಕ್ಕೆ 80,000 ರೂಪಾಯಿಯಷ್ಟೇ ಇದ್ದ ನಿಜವಾದ ಬೇಡಿಕೆ ಹೆಚ್ಚಾಗಿರುವುದೂ ಇಲ್ಲ; ಆದರೆ ಈಗ ಹೊರಹೋಗಲು ಕಾದಿರುವವರು 30,000 ಜನ. ಎಲ್ಲರೂ ಲೋಯರ್ ಸರ್ಕ್ಯೂಟಿನ ಬೆಲೆಗೇ ಮಾರಲು ನಿಲ್ಲುತ್ತಾರೆ. ಒಂದೇ ಬೆಲೆಯ ಆರ್ಡರುಗಳಲ್ಲಿ ಯಾರದು ಮೊದಲು ಬಂದಿದೆಯೋ ಅದಕ್ಕೇ ಮೊದಲ ಸರದಿ. ಕೊಳ್ಳಲು ಬಂದ ಐದಾರು ಸಾವಿರ ಷೇರುಗಳ ಆರ್ಡರ್ ಸರದಿಯ ತಲೆಯಲ್ಲಿದ್ದವರಿಗೇ ಮುಗಿದುಹೋಗುತ್ತದೆ. ನಿಮ್ಮ ಸ್ಟಾಪ್‌ಲಾಸ್ ವಿಫಲವಾದದ್ದೂ ಇದರಿಂದಲೇ. ಬೆಲೆ ನೀವು ಹೇಳಿದ ಮಟ್ಟ ಮುಟ್ಟಿದಾಗ ಅದು ಜಾಗೃತವಾಗಿ ಮಾರಾಟದ ಆರ್ಡರ್ ಆಗಿ ಬದಲಾಗುತ್ತದೆ, ಅಷ್ಟೇ. ಕೊಳ್ಳುವವರನ್ನು ಅದು ಹುಡುಕಿ ತರಲಾರದು. ಹೀಗೆ ದಿನಕ್ಕೆ ಶೇ 5ರಂತೆ 20 ದಿನ ಇಳಿದರೆ 100 ರೂಪಾಯಿಯಲ್ಲಿ ಉಳಿಯುವುದು 36 ರೂಪಾಯಿಗಿಂತ ಕಡಿಮೆ. ಏರುವಾಗ ಯಾರಿಗೂ ಕೊಳ್ಳಲು ಸಿಗಲಿಲ್ಲ, ಇಳಿಯುವಾಗ ಯಾರಿಗೂ ಮಾರಲು ಆಗುವುದಿಲ್ಲ.

ಇಲ್ಲಿ 'ನಾಲ್ಕು ರೂಪಾಯಿಯ ಷೇರು, ಇನ್ನೆಷ್ಟು ಇಳಿದೀತು' ಎಂಬ ಸಮಾಧಾನದ ಬಗ್ಗೆ ಒಂದು ಮಾತು ಹೇಳಬೇಕು. 10 ಕೋಟಿ ಷೇರುಗಳಿರುವ ಕಂಪನಿಯ 4 ರೂಪಾಯಿಯ ಷೇರೂ, 1 ಕೋಟಿ ಷೇರುಗಳಿರುವ ಕಂಪನಿಯ 40 ರೂಪಾಯಿಯ ಷೇರೂ ಒಂದೇ ಮೌಲ್ಯದ ಕಂಪನಿಗಳು. 4 ರೂಪಾಯಿಯ ಷೇರು 40 ಪೈಸೆಗೆ ಇಳಿದರೆ ಹಾಕಿದ ಹಣದ ಶೇ 90 ಹೋಯಿತು, 400 ರೂಪಾಯಿಯದು 40 ರೂಪಾಯಿಗೆ ಇಳಿದಷ್ಟೇ. ಬೆಲೆ ಪೈಸೆಗಳಿಗೆ ಇಳಿದಾಗ ಇನ್ನೊಂದು ತೊಡಕು ಸೇರಿಕೊಳ್ಳುತ್ತದೆ. 50 ಪೈಸೆಯ ಷೇರಿನಲ್ಲಿ ಬೆಲೆ ಅಲುಗಬಹುದಾದ ಕನಿಷ್ಠ ಅಂತರವಾದ ಒಂದು ಪೈಸೆಯೇ ಶೇ 2 ಆಗುವುದರಿಂದ, ಕೊಂಡ ಕೂಡಲೇ ಮಾರಿದರೂ ಅಷ್ಟು ನಷ್ಟ ಖಚಿತ.

ವಿನಿಮಯ ಕೇಂದ್ರಗಳು ಇದನ್ನು ನೋಡುತ್ತಿಲ್ಲವೇ ಎಂದರೆ, ನೋಡುತ್ತಿವೆ. ಅಸಹಜವಾಗಿ ಏರುವ, ಆದಾಯ ಅಷ್ಟಕ್ಕಷ್ಟೇ ಇರುವ ಷೇರುಗಳನ್ನು ಜಿಎಸ್‌ಎಂ ಎಂಬ ಹಂತಹಂತದ ನಿಗಾ ಪಟ್ಟಿಗೆ ಹಾಕುವ ಪದ್ಧತಿ 2017ರಿಂದ ಇದೆ. ಎಎಸ್‌ಎಂ ಎಂಬ ಇನ್ನೊಂದು ನಿಗಾ ಪಟ್ಟಿ 2018ರಲ್ಲಿ ಬಂತು. 500 ಕೋಟಿಗಿಂತ ಕಡಿಮೆ ಮಾರುಕಟ್ಟೆ ಮೌಲ್ಯದ ಕಂಪನಿಗಳಿಗೆಂದು ಇಎಸ್‌ಎಂ ಎಂಬ ಮೂರನೆಯದನ್ನು ಜೂನ್ 2023ರಲ್ಲಿ ತರಲಾಯಿತು. ಆದರೆ ಷೇರು ಪಟ್ಟಿಗೆ ಸೇರುವುದು ಬೆಲೆ ಏರಿದ ಮೇಲೆ, ಎಂದರೆ ಬಹಳಷ್ಟು ಸಲ ಸಣ್ಣವರು ಕೊಂಡ ಮೇಲೆ. ಸೇರಿದ ಕೂಡಲೇ ವಹಿವಾಟಿನ ಮೇಲೆ ಬೀಳುವ ನಿರ್ಬಂಧಗಳು ಒಳಗೆ ಸಿಕ್ಕಿಕೊಂಡವರಿಗೇ ಮೊದಲು ತಟ್ಟುತ್ತವೆ. 7ನೇ ಆಗಸ್ಟ್ 2017ರಂದು ಸೆಬಿ 331 ಕಂಪನಿಗಳನ್ನು ಹೆಸರಿಗಷ್ಟೇ ಇರುವ ಶೆಲ್ ಕಂಪನಿಗಳೆಂಬ ಶಂಕೆಯ ಮೇಲೆ ಜಿಎಸ್‌ಎಂನ ಅತ್ಯಂತ ಬಿಗಿಯಾದ ಹಂತಕ್ಕೆ ತಳ್ಳಿದಾಗ ಅವುಗಳಲ್ಲಿ ತಿಂಗಳಿಗೆ ಒಂದೇ ದಿನ ವಹಿವಾಟು ಎಂದಾಯಿತು. ಪ್ರಶ್ನಿಸಿ ಮೇಲ್ಮನವಿ ನ್ಯಾಯಮಂಡಳಿಗೆ ಹೋದ ಎರಡು ಕಂಪನಿಗಳಿಗೆ ಕೆಲವೇ ದಿನಗಳಲ್ಲಿ ತಡೆಯಾಜ್ಞೆ ಸಿಕ್ಕಿತು. ನಿಗಾ ಪಟ್ಟಿಯಲ್ಲಿರುವುದು ವಂಚನೆಯ ತೀರ್ಪಲ್ಲ, ಪಟ್ಟಿಯಲ್ಲಿಲ್ಲದಿರುವುದು ಪ್ರಾಮಾಣಿಕತೆಯ ಪತ್ರವೂ ಅಲ್ಲ.

ಮೊದಲೇ ಗುರುತಿಸುವ ಬಗ್ಗೆ ಕೇಳಿದ್ದೀರಿ. ಬೆಲೆಯ ನಕ್ಷೆಗಿಂತ ಮುಂಚೆ ಷೇರುದಾರರ ವಿವರ ನೋಡಬೇಕೆಂಬುದು ನನ್ನ ಸಲಹೆ. ಪ್ರತಿ ತ್ರೈಮಾಸಿಕ ಮುಗಿದ 21 ದಿನಗಳೊಳಗೆ ಕಂಪನಿ ಇದನ್ನು ವಿನಿಮಯ ಕೇಂದ್ರಕ್ಕೆ ಕೊಡಬೇಕು, ಯಾರು ಬೇಕಾದರೂ ಬಿಎಸ್‌ಇ ಜಾಲತಾಣದಲ್ಲಿ ಓದಬಹುದು. ಅದರಲ್ಲಿ 2 ಲಕ್ಷ ರೂಪಾಯಿವರೆಗಿನ ಮುಖಬೆಲೆಯ ಷೇರು ಹೊಂದಿದ ವ್ಯಕ್ತಿಗಳ ಸಂಖ್ಯೆ ಎಂಬ ಸಾಲಿದೆ. ನಾಲ್ಕು ತ್ರೈಮಾಸಿಕಗಳ ಆ ಸಂಖ್ಯೆಯನ್ನು ಪಕ್ಕಪಕ್ಕ ಬರೆದುಕೊಳ್ಳಿ. ಅದು ಒಮ್ಮೆಲೇ ಹತ್ತು ಪಟ್ಟಾಗಿದ್ದು, ಅದೇ ಅವಧಿಯಲ್ಲಿ ಪ್ರವರ್ತಕರ ಅಥವಾ ಶೇ 1ಕ್ಕಿಂತ ಹೆಚ್ಚು ಷೇರು ಹೊಂದಿದ ಹೆಸರುಗಳ ಪಾಲು ಕುಗ್ಗಿದ್ದರೆ, ಷೇರು ಯಾರಿಂದ ಯಾರಿಗೆ ದಾಟಿತು ಎಂಬುದು ಅಲ್ಲೇ ಬರೆದಿದೆ. ಈ ವಿವರ ತ್ರೈಮಾಸಿಕ ಮುಗಿದ ಮೇಲಷ್ಟೇ ಬರುವುದು ಇದರ ಮಿತಿ. ಸಾಧನಾ ಪ್ರಕರಣದಲ್ಲಿ ಜುಲೈನಲ್ಲಿ ಕೊಂಡವರಿಗೆ ಅದು ಕಾಣುವುದು ಅಕ್ಟೋಬರ್ ಹೊತ್ತಿಗೆ. ಆ ನಡುವಿನ ಅವಧಿಗೆ ಬಲ್ಕ್ ಡೀಲ್ ಪಟ್ಟಿ ಅಲ್ಪಸ್ವಲ್ಪ ಉಪಯುಕ್ತ. ಒಬ್ಬರೇ ಒಂದು ದಿನದಲ್ಲಿ ಕಂಪನಿಯ ಶೇ 0.5ಕ್ಕಿಂತ ಹೆಚ್ಚು ಷೇರುಗಳ ವಹಿವಾಟು ನಡೆಸಿದರೆ ಅದು ಅಂದೇ ಪ್ರಕಟವಾಗುತ್ತದೆ. ಪರಿಚಯವಿಲ್ಲದ ಅದೇ ನಾಲ್ಕೈದು ಹೆಸರುಗಳು ಇಂದು ಕೊಂಡು ನಾಳೆ ಮಾರುತ್ತಿದ್ದರೆ ದೂರವಿರಿ.

ಎರಡನೆಯದು ಪ್ರಿಫರೆನ್ಷಿಯಲ್ ಹಂಚಿಕೆ. ಏರಿಕೆ ಶುರುವಾಗುವ ಮೊದಲು ಕಂಪನಿ ಆಯ್ದ ಕೆಲವರಿಗೆ ಕಡಿಮೆ ಬೆಲೆಗೆ ಹೊಸ ಷೇರುಗಳನ್ನು ಕೊಟ್ಟಿತ್ತೇ, ಆ ಷೇರುಗಳನ್ನು ಮಾರಬಾರದೆಂಬ ಲಾಕ್-ಇನ್ ಅವಧಿ ಯಾವಾಗ ಮುಗಿಯುತ್ತದೆ ಎಂಬುದನ್ನು ಕಂಪನಿಯ ಪ್ರಕಟಣೆಗಳಲ್ಲಿ ನೋಡಬಹುದು. ಪಟ್ಟಿಯಾದ ಷೇರುಗಳ ದೀರ್ಘಾವಧಿ ಲಾಭಕ್ಕೆ ಮಾರ್ಚ್ 2018ರವರೆಗೆ ತೆರಿಗೆ ಇಲ್ಲದಿದ್ದ ಕಾಲದಲ್ಲಿ ಇದೇ ದಾರಿಯಿಂದ ಕಪ್ಪು ಹಣವನ್ನು ಬಿಳಿ ಮಾಡುವ ವ್ಯವಹಾರ ದೊಡ್ಡದಾಗಿ ನಡೆದಿತ್ತು; ಡಿಸೆಂಬರ್ 2014ರಲ್ಲಿ ಸೆಬಿ ಅಂಥ ಎರಡು ಕಂಪನಿಗಳ ಸಂಬಂಧ ಒಟ್ಟು 260 ಮಂದಿ ಹಾಗೂ ಸಂಸ್ಥೆಗಳನ್ನು ಷೇರುಪೇಟೆಯಿಂದ ಹೊರಗಿಟ್ಟಿತ್ತು. ಆಗ ಏರಿದ ಬೆಲೆಗೆ ಕೊಳ್ಳುತ್ತಿದ್ದವರೂ ಬಹುಪಾಲು ಅವರವರೇ. ಈಗ ಆ ತುದಿಯಲ್ಲಿ ನಿಲ್ಲಿಸಲು ಹೊರಗಿನವರು ಬೇಕಾಗಿದ್ದಾರೆ, ಮೊಬೈಲ್ ಅವರನ್ನು ತಲುಪಿಸುತ್ತದೆ. ಮಾರುಕಟ್ಟೆ ಮೌಲ್ಯ 150 ಕೋಟಿ ದಾಟಿದ್ದರೂ ವರ್ಷದ ಮಾರಾಟ ಎರಡು ಕೋಟಿ, ನೌಕರರ ಸಂಬಳದ ವೆಚ್ಚ ಕೆಲವೇ ಲಕ್ಷ ಎಂದು ಲೆಕ್ಕಪತ್ರ ಹೇಳಿದರೆ ಹೆಚ್ಚು ವಿಚಾರ ಬೇಕಾಗಿಲ್ಲ.

ಇನ್ನು ನಿಮ್ಮ ಕೈಯಲ್ಲಿರುವ 4,000 ಷೇರುಗಳು. ಕೊಂಡ ಬೆಲೆಯ ಸರಾಸರಿ ಇಳಿಸಲೆಂದು ಇನ್ನಷ್ಟು ಕೊಳ್ಳಬೇಡಿ. ಆಪರೇಟರಿನ ಬಳಿ ಇನ್ನೂ ಉಳಿದಿರಬಹುದಾದ ಷೇರುಗಳಿಗೆ ನೀವೇ ಗಿರಾಕಿಯಾಗುತ್ತೀರಿ. ಇಳಿಕೆಯ ನಡುವೆ ಒಂದೆರಡು ದಿನ ಬೆಲೆ ಏರಿ ಗುಂಪಿನಲ್ಲಿ 'ಮರಳಿ ಬಂತು' ಎಂಬ ಸಂದೇಶ ಬಂದರೆ ಅದು ಸಾಮಾನ್ಯವಾಗಿ ಉಳಿಕೆ ಮಾಲು ಖಾಲಿ ಮಾಡುವ ಪ್ರಯತ್ನ, ನಿಮಗೆ ಹೊರಬರುವ ಅವಕಾಶ. ದಿನವೂ ಬೆಳಿಗ್ಗೆ 9ಕ್ಕೆ, ಮುಖ್ಯ ವಹಿವಾಟಿಗೆ ಮುಂಚಿನ ಪ್ರೀ-ಓಪನ್ ಅವಧಿ ಶುರುವಾಗುವ ಹೊತ್ತಿಗೇ ಅಂದಿನ ಕೆಳಮಿತಿಯ ಬೆಲೆಗೆ ಮಾರಾಟದ ಆರ್ಡರ್ ಸೇರುವಂತೆ ಹಿಂದಿನ ರಾತ್ರಿಯೇ ಹಾಕಿಡಿ. ಸರದಿಯಲ್ಲಿ ಮುಂದಿರುವುದಕ್ಕೆ ಇರುವ ದಾರಿ ಅದೊಂದೇ, ಆದರೂ ಖಾತರಿಯಿಲ್ಲ. ಒಂದೇ ದಿನ ಎಲ್ಲವೂ ಮಾರಾಟವಾಗದೆ ನೂರಿನ್ನೂರರಂತೆ ಹೋಗಬಹುದು, ಹೋಗಲಿ. ಒಂದು ವರ್ಷದೊಳಗೆ ಮಾರಿದ ನಷ್ಟ ಅಲ್ಪಾವಧಿ ಬಂಡವಾಳ ನಷ್ಟವಾಗುತ್ತದೆ. ಆದಾಯ ತೆರಿಗೆ ವಿವರವನ್ನು ಗಡುವಿನೊಳಗೆ ಸಲ್ಲಿಸಿದರೆ ಅದನ್ನು ಇತರ ಬಂಡವಾಳ ಲಾಭದ ಎದುರು ಕಳೆಯಬಹುದು, ಉಳಿದದ್ದನ್ನು ಮುಂದಿನ 8 ವರ್ಷ ಒಯ್ಯಬಹುದು. ಮಾರದೆ ಇಟ್ಟುಕೊಂಡ ಷೇರಿನ ವಹಿವಾಟನ್ನೇ ವಿನಿಮಯ ಕೇಂದ್ರ ಅಮಾನತು ಮಾಡಿದರೆ ನಷ್ಟವನ್ನು ಲೆಕ್ಕಕ್ಕೆ ತರುವುದೂ ಕಷ್ಟ.

ಟೆಲಿಗ್ರಾಂ ಗುಂಪಿನ ಸಂದೇಶಗಳನ್ನು ಅಳಿಸಬೇಡಿ. ದಿನಾಂಕ, ಸಮಯ, ಗುಂಪಿನ ಹೆಸರು ಕಾಣುವಂತೆ ಚಿತ್ರ ತೆಗೆದಿಟ್ಟು, ನಿಮ್ಮ ಖರೀದಿಯ ಕಾಂಟ್ರ್ಯಾಕ್ಟ್ ನೋಟ್ ಜೊತೆಗೆ ಸೆಬಿಗೆ ಬರೆಯಿರಿ. ಸಲಹೆ ಕೊಟ್ಟವರಿಗೆ ಸೆಬಿಯ ನೋಂದಣಿ ಸಂಖ್ಯೆ ಇಲ್ಲದಿದ್ದರೆ ಅದನ್ನು ಸ್ಪಷ್ಟವಾಗಿ ತಿಳಿಸಿ. ಇದರಿಂದ ನಿಮ್ಮ ಹಣ ಮರಳುತ್ತದೆ ಎಂಬ ಭರವಸೆ ಕೊಡಲಾರೆ. ವಸೂಲಾದ ಅಕ್ರಮ ಲಾಭ ಸಾಮಾನ್ಯವಾಗಿ ಹೂಡಿಕೆದಾರರ ರಕ್ಷಣೆ ಮತ್ತು ಶಿಕ್ಷಣ ನಿಧಿಗೆ ಹೋಗುತ್ತದೆ, ಷೇರು ಕೊಂಡು ಕಳೆದುಕೊಂಡವರ ಕೈಗೆ ನೇರವಾಗಿ ಬರುವುದು ಅಪರೂಪ. ಆದರೆ ಯಾವ ಖಾತೆ ಯಾವ ಗುಂಪಿಗೆ ಸೇರಿದ್ದು ಎಂದು ಜೋಡಿಸಲು ತನಿಖೆಗೆ ಬೇಕಾಗುವುದು ಇಂಥ ಸಂದೇಶಗಳೇ.